ಮಾತು ಬಿಟ್ಟುಕೊಡುವ ಜಾಗ

ಕನ್ವೆನ್ಷನ್ ಮೈದಾನದ ವೇದಿಕೆ. ಹೊರಗಿನಿಂದ ಬಂದ ಬೋಧಕರು ಇಂಗ್ಲಿಷಿನಲ್ಲಿ ಅರ್ಧ ವಾಕ್ಯ ಹೇಳಿ ನಿಲ್ಲಿಸುತ್ತಾರೆ. ಪಕ್ಕದಲ್ಲಿ ನಿಂತ ತರ್ಜುಮೆದಾರರು ಅಷ್ಟನ್ನೇ ಕನ್ನಡದಲ್ಲಿ ಹೇಳುತ್ತಾರೆ: 'ದೇವರು ನಿಮ್ಮನ್ನು ಈ ರಾತ್ರಿ ಇಲ್ಲಿಗೆ ಕರೆದುಕೊಂಡು ಬರಲಿಲ್ಲ.' ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಷ್ಟರಲ್ಲಿ ಬೋಧಕರ ಉಳಿದರ್ಧ ಬರುತ್ತದೆ: 'ನಿಮ್ಮನ್ನು ನಾಚಿಕೆಪಡಿಸುವುದಕ್ಕೆ.' ಇಂಗ್ಲಿಷ್ ಬಲ್ಲವರಿಗೆ ವಾಕ್ಯ ಚೆನ್ನಾಗಿಯೇ ಮುಗಿಯಿತು. ಕನ್ನಡದಲ್ಲಿ ಕೇಳಿದವರಿಗೆ ಮಾತ್ರ ಮೊದಲು ತಪ್ಪು ಸುದ್ದಿ ಮುಟ್ಟಿ, ಆಮೇಲೆ ಅದಕ್ಕೊಂದು ಬಾಲ ಅಂಟಿಕೊಂಡಿತು. ತರ್ಜುಮೆದಾರರು ಹಿಂದಕ್ಕೆ ಹೋಗಿ, 'ಅಂದರೆ, ನಿಮ್ಮನ್ನು ನಾಚಿಕೆಪಡಿಸಬೇಕೆಂದು ದೇವರು ಕರೆತರಲಿಲ್ಲ' ಎಂದು ರಿಪೇರಿ ಮಾಡುವ ಹೊತ್ತಿಗೆ ಬೋಧಕರು ಮುಂದಿನ ಮಾತಿಗೆ ಬಾಯಿ ತೆರೆದಿರುತ್ತಾರೆ.

ಇಂಥದ್ದಾದಾಗ ಸಭೆಯವರು ಸಾಮಾನ್ಯವಾಗಿ ತರ್ಜುಮೆ ಸರಿಯಿಲ್ಲ ಎನ್ನುತ್ತಾರೆ. ನಾನು ಹಾಗೆನ್ನುವುದಿಲ್ಲ. ತಪ್ಪು ನಡೆದದ್ದು ವೇದಿಕೆಯ ಮೇಲಲ್ಲ, ನಾಲ್ಕು ದಿನ ಮೊದಲು ಬೋಧಕರ ಮೇಜಿನ ಮೇಲೆ. ವಾಕ್ಯ ಬರೆಯುವಾಗ, ಅದನ್ನು ಎಲ್ಲಿ ಕಡಿದರೆ ಇನ್ನೊಂದು ಭಾಷೆಯಲ್ಲಿ ಪೂರ್ತಿ ಅರ್ಥ ಕೊಡುತ್ತದೆ ಎಂದು ಅವರು ನೋಡಿರಲಿಲ್ಲ. ಯೋಹಾನನ ಸುವಾರ್ತೆ 3ನೇ ಅಧ್ಯಾಯದ 17ನೇ ವಚನದ ಕಟ್ಟೂ ಹೀಗೆಯೇ ಇದೆ. ಇಂಗ್ಲಿಷಿನಲ್ಲಿ 'ಕಳುಹಿಸಲಿಲ್ಲ' ಮೊದಲು ಬರುತ್ತದೆ, 'ಯಾವುದಕ್ಕಾಗಿ ಅಲ್ಲ' ಎಂಬುದು ಆಮೇಲೆ. ಅದನ್ನು ನಡುವೆ ತುಂಡರಿಸಿದರೆ, ದೇವರು ತನ್ನ ಮಗನನ್ನು ಕಳುಹಿಸಲೇ ಇಲ್ಲ ಎಂದು ಕನ್ನಡದಲ್ಲಿ ಸಾರಿದ ಹಾಗಾಗುತ್ತದೆ.

ಕರ್ನಾಟಕದ ಚರ್ಚುಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಬೆಂಗಳೂರಿನಲ್ಲಿ, ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಮಾತಾಡುವ ಸಭೆಗಳು ಅಕ್ಕಪಕ್ಕದಲ್ಲೇ ಇವೆ. ಜಂಟಿ ಆರಾಧನೆಗೆ, ಉಜ್ಜೀವನ ಕೂಟಕ್ಕೆ ಎಲ್ಲರೂ ಸೇರಿದಾಗ ಪ್ರಸಂಗವನ್ನು ವಾಕ್ಯ ವಾಕ್ಯವಾಗಿ ತರ್ಜುಮೆ ಮಾಡುವುದೇ ರೂಢಿ. ಪಕ್ಕದ ಕೇರಳದಲ್ಲಿ 1895ರಿಂದ ನಡೆಯುತ್ತಿರುವ ಮಾರಾಮಣ್ ಕನ್ವೆನ್ಷನ್ನಿನಲ್ಲೂ ಹೊರದೇಶದ ಬೋಧಕರ ಮಾತು ಜನರನ್ನು ತಲುಪುವುದು ಮಲಯಾಳಂ ತರ್ಜುಮೆಯ ಮೂಲಕವೇ. (ಪ್ರಸಂಗವೆಂದರೆ ಇಲ್ಲಿ ಯಕ್ಷಗಾನದ ಪ್ರಸಂಗವಲ್ಲ. ಚರ್ಚಿನಲ್ಲಿ ಬೈಬಲಿನ ಒಂದು ಭಾಗವನ್ನು ಓದಿ ಅದರ ಮೇಲೆ ಕೊಡುವ ಉಪದೇಶಕ್ಕೆ ಕನ್ನಡ ಕ್ರೈಸ್ತರು ಬಳಸುವ ಮಾತು ಅದು.)

ತುಂಡು ಎಷ್ಟು ಉದ್ದ ಇರಬೇಕು ಎಂಬ ಪ್ರಶ್ನೆ ಬಹಳ ಹಳೆಯದು. ಯೆಹೂದ್ಯರ ಸಭಾಮಂದಿರಗಳಲ್ಲಿ ಧರ್ಮಶಾಸ್ತ್ರವನ್ನು ಹೀಬ್ರೂವಿನಲ್ಲಿ ಓದಿ, ಜನ ಮನೆಯಲ್ಲಿ ಆಡುತ್ತಿದ್ದ ಅರಾಮಿಕ್ ಭಾಷೆಗೆ ಅಲ್ಲೇ ಬಾಯಿಮಾತಿನಲ್ಲಿ ತರುತ್ತಿದ್ದರು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಷ್ನಾ ಎಂಬ ಸಂಹಿತೆಯಲ್ಲಿ ಇದಕ್ಕೆ ನಿಯಮವೇ ಇದೆ. ಮೋಶೆಯ ಧರ್ಮಶಾಸ್ತ್ರವನ್ನು ಓದುವಾಗ ಒಂದು ವಚನಕ್ಕಿಂತ ಹೆಚ್ಚನ್ನು ತರ್ಜುಮೆದಾರನಿಗೆ ಒಮ್ಮೆಗೆ ಓದಿ ಹೇಳಬಾರದು, ಪ್ರವಾದಿಗಳ ಗ್ರಂಥದಲ್ಲಾದರೆ ಮೂರು ವಚನಗಳವರೆಗೆ ಹೇಳಬಹುದು. ಮನುಷ್ಯನ ನೆನಪಿಗೆ ಒಂದು ಮಿತಿಯಿದೆ, ತಪ್ಪಬಾರದ ಕಡೆ ಆ ಮಿತಿಯೊಳಗೇ ಇರಬೇಕು ಎಂಬುದು ಅವರಿಗೆ ಗೊತ್ತಿತ್ತು. ಇಂದಿನ ಪ್ರಸಂಗಕ್ಕೂ ಅಳತೆ ಹೆಚ್ಚುಕಡಿಮೆ ಅಷ್ಟೇ. ಒಮ್ಮೆಗೆ ಇಂಗ್ಲಿಷಿನ ಹತ್ತರಿಂದ ಹದಿನೈದು ಪದ, ಅದರಲ್ಲಿ ಒಂದೇ ವಿಚಾರ. ಆದರೆ ಪದಗಳ ಲೆಕ್ಕಕ್ಕಿಂತ ಮುಖ್ಯವಾದದ್ದು ಆ ತುಂಡು ಕನ್ನಡದಲ್ಲಿ ತನ್ನಷ್ಟಕ್ಕೆ ನಿಲ್ಲುತ್ತದೆಯೇ ಎಂಬುದು.

ಇದನ್ನು ಒಂದು ಉದಾಹರಣೆಯ ಮೇಲೇ ನೋಡೋಣ. ಲೂಕನ ಸುವಾರ್ತೆ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ದಾರಿತಪ್ಪಿದ ಮಗನ ಕಥೆ ಇದೆ. ಇಬ್ಬರು ಮಕ್ಕಳಲ್ಲಿ ಕಿರಿಯವನು ತಂದೆಯ ಹತ್ತಿರ ತನ್ನ ಪಾಲು ಕೇಳಿ ತೆಗೆದುಕೊಂಡು, ದೂರದೇಶಕ್ಕೆ ಹೋಗಿ ಎಲ್ಲವನ್ನೂ ಹಾಳುಮಾಡುತ್ತಾನೆ. ಬರಗಾಲ ಬಂದು, ಹಂದಿ ಮೇಯಿಸುವ ಕೆಲಸಕ್ಕಿಳಿದು, ಕೊನೆಗೆ ಮನೆಗೆ ಹಿಂತಿರುಗುತ್ತಾನೆ. ಅವನು ಇನ್ನೂ ದೂರದಲ್ಲಿರುವಾಗಲೇ ಕಂಡ ತಂದೆ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಈ ಕಥೆಯ ಮೇಲೆ ಪ್ರಸಂಗ ಬರೆಯುವ ಬೋಧಕರು ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಮೊದಲು 'ತಂದೆ' ಎಂಬ ಪದ. ಅದರ ಬೆನ್ನಿಗೆ 'ಯಾರಿಗೆ ಹೊರಗಟ್ಟುವ ಹಕ್ಕಿತ್ತೋ', ಅದರೊಳಗೆ 'ಯಾವ ಮಗ ಆಸ್ತಿಯ ಪಾಲನ್ನು ಹಾಳುಮಾಡಿದನೋ', ಅದರೊಳಗೆ 'ಯಾವ ಆಸ್ತಿಗಾಗಿ ತಂದೆ ಜೀವನವಿಡೀ ದುಡಿದಿದ್ದನೋ'. ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಒಂದೇ ಪದ, 'ಓಡಿದ'. ಕಾಗದದ ಮೇಲೆ ಇಂಗ್ಲಿಷಿನಲ್ಲಿ ಇದು ಸೊಗಸಾದ ವಾಕ್ಯ.

ತರ್ಜುಮೆದಾರರ ಪಾಡು ನೋಡಿ. ಇಂಗ್ಲಿಷಿನಲ್ಲಿ ವಿವರಣೆ ನಾಮಪದದ ಹಿಂದೆ ಬಾಲದಂತೆ ಬರುತ್ತದೆ. ಕನ್ನಡದಲ್ಲಿ ಅದು ನಾಮಪದದ ಮುಂದೆ ಕೂರಬೇಕು: 'ತಾನು ಜೀವನವಿಡೀ ದುಡಿದು ಗಳಿಸಿದ ಆಸ್ತಿಯ ಪಾಲನ್ನು ಹಾಳುಮಾಡಿದ ಮಗನನ್ನು ಹೊರಗಟ್ಟುವ ಹಕ್ಕಿದ್ದ ತಂದೆ ಓಡಿದ.' ವ್ಯಾಕರಣ ಸರಿಯಾಗಿಯೇ ಇದೆ. ಆದರೆ ಯಾರು ಗಳಿಸಿದ್ದು, ಯಾರು ಹಾಳುಮಾಡಿದ್ದು, ಯಾರು ಓಡಿದ್ದು ಎಂದು ಕೇಳುಗರು ಹುಡುಕುವ ಹೊತ್ತಿಗೆ ವಾಕ್ಯ ಮುಗಿದಿರುತ್ತದೆ. ಅದೂ ತರ್ಜುಮೆದಾರರು ಬೋಧಕರ ಕೊನೆಯ ಪದದವರೆಗೆ ಕಾದು, ಇಡೀ ವಾಕ್ಯವನ್ನು ತಲೆಯಲ್ಲಿ ತಿರುವುಹಾಕಿದರೆ ಮಾತ್ರ. ನಡುವೆ ಎಲ್ಲೇ ನಿಲ್ಲಿಸಿದರೂ ಅವರ ಕೈಗೆ ಸಿಗುವುದು ಕ್ರಿಯಾಪದವಿಲ್ಲದ ತುಂಡು.

ಅದೇ ವಾಕ್ಯವನ್ನು ತರ್ಜುಮೆಗಾಗಿ ಬಿಡಿಸಿ ಬರೆದರೆ ಹೀಗಾಗುತ್ತದೆ, ಗೆರೆ ಇರುವಲ್ಲೆಲ್ಲ ಬೋಧಕರು ನಿಲ್ಲಿಸುತ್ತಾರೆ: 'ಆ ಆಸ್ತಿಗಾಗಿ ತಂದೆ ಜೀವನವಿಡೀ ದುಡಿದಿದ್ದ. / ಮಗ ತನ್ನ ಪಾಲನ್ನೆಲ್ಲ ಹಾಳುಮಾಡಿದ. / ಅಂಥ ಮಗನನ್ನು ಹೊರಗಟ್ಟುವ ಹಕ್ಕು ತಂದೆಗಿತ್ತು. / ತಂದೆ ಏನು ಮಾಡಿದ? / ಓಡಿದ.' ನಾಲ್ಕು ವಾಕ್ಯ, ಕೊನೆಗೆ ಒಂದು ಪದ. ಬೋಧಕರು ಬಯಸಿದ್ದ ಹೊಡೆತ ಎಲ್ಲೂ ಕಳೆದುಹೋಗಿಲ್ಲ, 'ಓಡಿದ' ಎಂಬುದು ಎರಡೂ ಭಾಷೆಯಲ್ಲಿ ಒಂಟಿಯಾಗಿ, ಕೊನೆಯಲ್ಲೇ ಬಂತು. ಹೀಗೆ ಬಿಡಿಸುವುದೆಂದರೆ ಪ್ರಸಂಗವನ್ನು ಬಡವಾಗಿಸುವುದು ಎಂದು ಕೆಲವು ಬೋಧಕರು ಭಾವಿಸುತ್ತಾರೆ. ಅವರು ಇದನ್ನು ಒಮ್ಮೆ ಗಟ್ಟಿಯಾಗಿ ಓದಿನೋಡಲಿ, ತರ್ಜುಮೆ ಇಲ್ಲದ ಸಭೆಯಲ್ಲೂ ಹೀಗೆಯೇ ಹೇಳಬೇಕೆನಿಸುತ್ತದೆ.

ಎಲ್ಲ ಉದ್ದ ವಾಕ್ಯಗಳೂ ಕೆಟ್ಟವಲ್ಲ. 'ಎಲ್ಲರೂ ಕೈಬಿಟ್ಟಾಗ, / ಸಾಲಗಾರರು ಬಾಗಿಲಲ್ಲಿ ನಿಂತಾಗ, / ಆಸ್ಪತ್ರೆಯ ಬಿಲ್ಲು ಕಟ್ಟಲು ದಾರಿಯಿಲ್ಲದಾಗ, / ದೇವರು ನಿಮ್ಮ ಜೊತೆಗಿರುತ್ತಾನೆ' ಎಂಬ ಸಾಲನ್ನು ಎಷ್ಟು ಕಡಿದರೂ ಕನ್ನಡ ಮುಗ್ಗರಿಸುವುದಿಲ್ಲ. ಸಂದರ್ಭ, ಷರತ್ತು, ಕಾರಣಗಳನ್ನು ಮೊದಲು ಹೇಳಿ ಮುಖ್ಯ ಮಾತನ್ನು ಕೊನೆಗಿಡುವುದು ಕನ್ನಡದ ಸಹಜ ನಡೆ, ತಮಿಳು ತೆಲುಗುಗಳದ್ದೂ ಅದೇ. ತೊಂದರೆ ಕೊಡುವುದು ಮುಖ್ಯ ಮಾತು ಮುಗಿದ ಮೇಲೆ ಬರುವ ಬಾಲಗಳು: 'ಯಾಕೆಂದರೆ', 'ಯಾವುದಕ್ಕಾಗಿ', 'ಹೊರತು'. ಬರೆದ ಪ್ರತಿಯನ್ನು ತಿದ್ದುವಾಗ ಇಂಥ ಬಾಲಗಳನ್ನು ಕೆಂಪು ಪೆನ್ನಿನಿಂದ ಗುರುತಿಸಿ, ಒಂದೋ ವಾಕ್ಯದ ಮುಂದಕ್ಕೆ ತರಬೇಕು, ಇಲ್ಲವೇ ಬೇರೆ ವಾಕ್ಯ ಮಾಡಬೇಕು. 'ಇಲ್ಲ', 'ಅಲ್ಲ' ಇರುವ ವಾಕ್ಯದಲ್ಲಂತೂ ನಡುವೆ ನಿಲ್ಲಲೇಬಾರದು.

ವಾಕ್ಯದ ಕಟ್ಟು ಸರಿಯಾಯಿತೆಂದರೆ ಅರ್ಧ ಕೆಲಸವಾಯಿತು. ಇನ್ನರ್ಧ, ಬೋಧಕರು ಯಾವುದಕ್ಕೆ ವಿವರಣೆ ಬೇಕು, ಯಾವುದಕ್ಕೆ ಬೇಡ ಎಂದುಕೊಂಡಿದ್ದಾರೋ ಅದರಲ್ಲಿದೆ. ಇದೇ ಕಥೆಯನ್ನು ಪಶ್ಚಿಮದ ಬೋಧಕರು ಹೇಳುವಾಗ, ತಂದೆ ಬದುಕಿರುವಾಗಲೇ ಪಾಲು ಕೇಳುವುದೆಂದರೆ 'ನೀನು ಸತ್ತರೆ ಸಾಕು' ಎಂದಂತೆ, ಯಾರೂ ಊಹಿಸಲಾಗದ ಅಪರಾಧವದು ಎಂದು ಮೂರು ನಾಲ್ಕು ನಿಮಿಷ ವಿವರಿಸುತ್ತಾರೆ. ಅವರ ದೇಶದಲ್ಲಿ ಆ ವಿವರಣೆ ಬೇಕು. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಅಪ್ಪ ಇರುವಾಗಲೇ ಪಾಲು ಮಾಡಿಸಿಕೊಳ್ಳುವುದು ಯಾರಿಗೂ ಹೊಸದಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಹಿಂದೂ ಅವಿಭಕ್ತ ಕುಟುಂಬದ ಕಾನೂನನ್ನು ಎಲ್ಲರೂ ಬಲ್ಲರು. ಕ್ರೈಸ್ತರಿಗೆ ಆ ಕಾನೂನು ಅನ್ವಯಿಸದಿದ್ದರೂ ಅವರು ಬದುಕುವುದು ಅದೇ ಊರಿನಲ್ಲಿ. 'ಊಹಿಸಲಾಗದು' ಎಂದು ತರ್ಜುಮೆಯಾದ ಕೂಡಲೇ, ಹೋದ ವರ್ಷ ಪಾಲಾದ ಮನೆಗಳು ಕೇಳುಗರ ಕಣ್ಮುಂದೆ ಬರುತ್ತವೆ, ಬೋಧಕರ ಮಾತಿನ ಮೇಲಿನ ನಂಬಿಕೆ ಅಲ್ಲೇ ಸಡಿಲವಾಗುತ್ತದೆ.

ಮುಂಚೆ ಪ್ರತಿ ಕೈಸೇರಿದ ತರ್ಜುಮೆದಾರರು ಇಂಥ ಕಡೆ ಬೋಧಕರನ್ನು ಎಚ್ಚರಿಸಬಲ್ಲರು. ಒಬ್ಬ ಹಿರಿಯ ತರ್ಜುಮೆದಾರರು, ವೃತ್ತಿಯಿಂದ ಶಾಲಾ ಶಿಕ್ಷಕಿ, ಬೋಧಕರಿಗೆ ಹೇಳಿದ ಮಾತು ನನಗೆ ನೆನಪಿದೆ: 'ಅಯ್ಯನವರೇ, ಪಾಲು ಕೇಳೋದು ನಮ್ಮಲ್ಲಿ ತಪ್ಪಲ್ಲ. ಪಾಲು ತಗೊಂಡು, ಹೊಲ ಮಾರಿ, ಅಪ್ಪನ್ನ ನೋಡ್ಕೊಳ್ಳದೆ ಊರು ಬಿಟ್ಟು ಹೋಗೋದಿದೆಯಲ್ಲ, ಅದು ತಪ್ಪು. ಅದನ್ನ ಹೇಳಿ.' ಬೋಧಕರು ಒಂದು ಪುಟ ಹೊಡೆದುಹಾಕಿ ಎರಡು ವಾಕ್ಯ ಬರೆದರು. ಹಾಗೆಯೇ ವಯಸ್ಸಾದ ಯಜಮಾನ ಎಲ್ಲರೆದುರಿಗೆ ಓಡುವುದು ಅವನ ಮರ್ಯಾದೆಗೆ ತಕ್ಕುದಲ್ಲ ಎಂಬುದನ್ನೂ ಪಶ್ಚಿಮದವರಿಗೆ ಬಿಡಿಸಿ ಹೇಳಬೇಕು. ನಮ್ಮವರಿಗೆ 'ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಬೀದಿಯಲ್ಲಿ ಓಡಿದರು' ಎಂದರೆ ಸಾಕು.

ಕೆಲವು ವಿಷಯಗಳನ್ನು ಪ್ರತಿಯಿಂದಲೇ ತೆಗೆದುಬಿಡಬೇಕು. ಶ್ಲೇಷೆಯ ಮೇಲೆ ನಿಂತ ಮಾತು ಇನ್ನೊಂದು ಭಾಷೆಗೆ ದಾಟುವುದಿಲ್ಲ. 'ಹಿಸ್ಟರಿ ಎಂದರೆ ಹಿಸ್ ಸ್ಟೋರಿ' ಎಂದು ಬೋಧಕರು ಸಂಭ್ರಮದಿಂದ ಹೇಳಿದಾಗ ತರ್ಜುಮೆದಾರರಿಗೆ ಉಳಿಯುವ ದಾರಿ ಇಂಗ್ಲಿಷ್ ಪಾಠ ಮಾಡುವುದೊಂದೇ. ಮೂರು ಅಂಶಗಳಿಗೂ ಒಂದೇ ಇಂಗ್ಲಿಷ್ ಅಕ್ಷರದಿಂದ ಶುರುವಾಗುವ ತಲೆಬರಹ ಹುಡುಕುವ ಶ್ರಮವೂ ವ್ಯರ್ಥ. ಮಿಲಿಯನ್, ಬಿಲಿಯನ್ನುಗಳನ್ನು ಪ್ರತಿಯಲ್ಲೇ ಲಕ್ಷ, ಕೋಟಿಗೆ ಬದಲಿಸಿ ಬರೆಯಬೇಕು. 2.3 ಮಿಲಿಯನ್ ಎಂದರೆ 23 ಲಕ್ಷ ಎಂದು ಮೈಕಿನ ಮುಂದೆ ಲೆಕ್ಕ ಹಾಕುವಾಗ ತಪ್ಪದವರು ವಿರಳ.

ಬೈಬಲ್ ವಚನಗಳ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಬೋಧಕರು ತಮ್ಮ ಇಂಗ್ಲಿಷ್ ಬೈಬಲಿನಿಂದ ಓದಿದ ವಚನವನ್ನು ತರ್ಜುಮೆದಾರರು ತಮ್ಮ ಮಾತಿನಲ್ಲಿ ಹೇಳಬಾರದು, ಸಭೆಯವರ ಕೈಯಲ್ಲಿರುವ ಸತ್ಯವೇದದಿಂದ ಓದಬೇಕು. ಕನ್ನಡದಲ್ಲಿ ಇಡೀ ಬೈಬಲ್ 1831ರಷ್ಟು ಹಿಂದೆಯೇ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಬಂದಿತ್ತು. ಆಮೇಲೆ ಪರಿಷ್ಕರಣಗಳೂ ಹೊಸ ಅನುವಾದಗಳೂ ಬಂದಿವೆ. ಹಾಗಾಗಿ ಆ ಸಭೆಯಲ್ಲಿ ಯಾವುದು ಬಳಕೆಯಲ್ಲಿದೆ ಎಂದು ಮೊದಲೇ ಕೇಳಿಕೊಳ್ಳಬೇಕು. ಬೋಧಕರ ಒಂದು ಅಂಶವೆಲ್ಲ ಇಂಗ್ಲಿಷ್ ಅನುವಾದದ ಒಂದೇ ಪದದ ಮೇಲೆ ನಿಂತಿದ್ದು, ಕನ್ನಡದ ವಚನದಲ್ಲಿ ಆ ಪದವೇ ಇಲ್ಲದಿದ್ದರೆ ವೇದಿಕೆಯ ಮೇಲೆ ಮಾಡುವುದೇನೂ ಇರುವುದಿಲ್ಲ. ಹೆಸರುಗಳಲ್ಲೂ ಎಚ್ಚರ ಬೇಕು. ಇಂಗ್ಲಿಷಿನಲ್ಲಿ ಜೇಕಬ್ ಬೇರೆ, ಜೇಮ್ಸ್ ಬೇರೆ. ಕನ್ನಡದಲ್ಲಿ ಇಬ್ಬರೂ ಯಾಕೋಬರೇ. ಇಸಾಕನ ಮಗನೋ, ಪತ್ರಿಕೆ ಬರೆದವನೋ ಎಂದು ಪ್ರತಿಯಲ್ಲಿ ಬರೆದಿದ್ದರೆ ಗೊಂದಲವಿಲ್ಲ. ಬೋಧಕರು ಇಂಗ್ಲಿಷ್ ಭಕ್ತಿಗೀತೆಯ ಸಾಲನ್ನು ಹೇಳುವುದಿದ್ದರೆ ಅದನ್ನೂ ಮೊದಲೇ ತಿಳಿಸಬೇಕು. ಅದರ ಕನ್ನಡ ರೂಪ ಸಭೆಯ ಸಂಗೀತ ಪುಸ್ತಕದಲ್ಲಿದ್ದು ಜನರಿಗೆ ಬಾಯಿಪಾಠವಾಗಿದ್ದರೆ ತರ್ಜುಮೆದಾರರು ಅದೇ ಮಾತನ್ನು ಎತ್ತಿಕೊಳ್ಳುತ್ತಾರೆ, ಸಭೆ ಜೊತೆಗೂಡುತ್ತದೆ.

ಕನ್ನಡದ ಬೋಧಕರು ತಮಿಳು ಇಲ್ಲವೇ ತೆಲುಗು ಸಭೆಯಲ್ಲಿ ಮಾತಾಡುವಾಗ ಇನ್ನೊಂದು ಸೂಕ್ಷ್ಮವಿದೆ. ನಮ್ಮ 'ನಾವು' ಒಂದೇ ಪದ. ಆ ಭಾಷೆಗಳಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ ಒಂದು, ಬಿಟ್ಟರೆ ಇನ್ನೊಂದು: ತಮಿಳಿನಲ್ಲಿ 'ನಾಮ್', 'ನಾಂಗಳ್', ತೆಲುಗಿನಲ್ಲಿ 'ಮನಮು', 'ಮೇಮು'. 'ನಾವು ಪಾಪ ಮಾಡಿದ್ದೇವೆ' ಎಂದು ಸಭೆಗೆ ಹೇಳುವಾಗ ಎಲ್ಲರೂ ಸೇರಬೇಕು. ಅದೇ ಮಾತನ್ನು ಪ್ರಾರ್ಥನೆಯಲ್ಲಿ ದೇವರಿಗೆ ಹೇಳುವಾಗ ಕೇಳುವವನಾದ ದೇವರನ್ನು ಹೊರಗಿಡಬೇಕು, ಇಲ್ಲದಿದ್ದರೆ ದೇವರೂ ನಮ್ಮೊಂದಿಗೆ ಪಾಪ ಮಾಡಿದ ಹಾಗಾಗುತ್ತದೆ. ಬೋಧಕರು ಉಪದೇಶದಿಂದ ಪ್ರಾರ್ಥನೆಗೆ ಸದ್ದಿಲ್ಲದೆ ಜಾರಿದರೆ ತರ್ಜುಮೆದಾರರಿಗೆ ಅದು ತಿಳಿಯುವಷ್ಟರಲ್ಲಿ ಒಂದೆರಡು ವಾಕ್ಯ ದಾಟಿರುತ್ತದೆ. 'ಇಲ್ಲಿಂದ ಪ್ರಾರ್ಥನೆ' ಎಂದು ಅಂಚಿನಲ್ಲಿ ಬರೆದಿಟ್ಟರೆ ಮುಗಿಯಿತು.

ಇನ್ನು ಸಮಯ. ವಾಕ್ಯ ವಾಕ್ಯವಾಗಿ ತರ್ಜುಮೆಯಾಗುವ ಪ್ರಸಂಗಕ್ಕೆ ಎರಡರಷ್ಟು ಹೊತ್ತು ಬೇಕು, ಒಬ್ಬರಿಂದ ಒಬ್ಬರಿಗೆ ಮಾತು ದಾಟುವಾಗಿನ ಚಿಕ್ಕ ತಡೆಗಳು ಬೇರೆ. ಸಂಘಟಕರು 40 ನಿಮಿಷ ಕೊಟ್ಟಿದ್ದರೆ ಬೋಧಕರ ಸ್ವಂತ ಮಾತು 18 ನಿಮಿಷ ಮಾತ್ರ ಎಂದು ತಿಳಿಯಬೇಕು. ನಿಮಿಷಕ್ಕೆ 110, 120 ಪದಗಳ ನಿಧಾನದ ಇಂಗ್ಲಿಷಿಗೆ ಅದು ಎರಡು ಸಾವಿರ ಪದಗಳ ಆಸುಪಾಸು. ಈ ಲೆಕ್ಕ ಹಾಕದವರು ಮೊದಲ ಅಂಶಕ್ಕೇ ಅರ್ಧ ಗಂಟೆ ಕಳೆದು, ಉಳಿದೆರಡನ್ನು ಓಡಿಸುತ್ತಾರೆ. ಓಡಿಸಿದಾಗ ವಾಕ್ಯಗಳು ಉದ್ದವಾಗುತ್ತವೆ, ನಿಲುಗಡೆ ತಪ್ಪುತ್ತದೆ, ತರ್ಜುಮೆ ಬರೀ ಸಾರಾಂಶವಾಗುತ್ತದೆ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಕತ್ತರಿಸುವುದರಿಂದ ಉಪಯೋಗವಿಲ್ಲ. ಮೂರು ಅಂಶಗಳಿದ್ದರೆ ಒಂದನ್ನು ಪೂರ್ತಿ ಬಿಟ್ಟು, ಉಳಿದವಕ್ಕೆ ಜಾಗ ಕೊಡುವುದೇ ಲೇಸು.

ಪ್ರತಿಯ ರೂಪವೂ ಕೆಲಸಕ್ಕೆ ತಕ್ಕಂತಿರಲಿ. ಒಂದು ಸಾಲಿಗೆ ಒಂದು ತುಂಡು, ದೊಡ್ಡ ಅಕ್ಷರ, ಬಲಗಡೆ ಪುಟದ ಮೂರನೇ ಒಂದು ಭಾಗ ಖಾಲಿ. ಆ ಖಾಲಿ ಜಾಗ ತರ್ಜುಮೆದಾರರದ್ದು. ಸಾಲುಗಳಿಗೆ ನಂಬರು ಹಾಕಿ, ಇಬ್ಬರ ಕೈಯಲ್ಲೂ ಒಂದೇ ಪ್ರತಿ ಇರಬೇಕು. ವಾಕ್ಯ ಒಂದು ಪುಟದಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯಬಾರದು. ಬೋಧಕರು ಬಾಯಿಗೆ ಬಂದಂತೆ ಹೇಳುವ ಸ್ವಂತ ಅನುಭವದ ಕಥೆಯಿದ್ದರೆ 'ಇಲ್ಲಿ ಕಥೆ, ಆಸ್ಪತ್ರೆಯದು, ಎರಡು ನಿಮಿಷ' ಎಂದಷ್ಟೇ ಬರೆದರೂ ಸಾಕು. ಆಗ ಅವರು ಪ್ರತಿಯಿಂದ ಕಣ್ಣೆತ್ತಿದಾಗ ತರ್ಜುಮೆದಾರರು ಕಳೆದುಹೋದ ಸಾಲನ್ನು ಹುಡುಕುತ್ತ ಕೂರುವುದಿಲ್ಲ.

ಹಾಗೆಂದು ತರ್ಜುಮೆದಾರರು ಇಡೀ ಪ್ರಸಂಗವನ್ನು ಮನೆಯಲ್ಲೇ ಕನ್ನಡಕ್ಕೆ ಬರೆದುಕೊಂಡು ಬರುವುದನ್ನು ನಾನು ಒಪ್ಪುವುದಿಲ್ಲ. ಬರೆದದ್ದನ್ನು ಓದುವವರ ಕಿವಿ ಮುಚ್ಚಿಹೋಗುತ್ತದೆ. ಬೋಧಕರು ಒಂದು ಸಾಲು ಹಾರಿಸಿದರೂ ಇವರು ಆ ಸಾಲನ್ನು ಓದಿಬಿಡುತ್ತಾರೆ, ಅಲ್ಲಿಂದ ಮುಂದೆ ಇಬ್ಬರೂ ಬೇರೆ ಬೇರೆ ಪ್ರಸಂಗ ಮಾಡುತ್ತಿರುತ್ತಾರೆ. ಅಂಚಿನಲ್ಲಿ ಬರೆದುಕೊಳ್ಳಬೇಕಾದದ್ದು ವಚನಗಳ ಕನ್ನಡ ಪಾಠ, ಹೆಸರುಗಳು, ಅಂಕಿಗಳು, ಕಠಿಣವಾದ ನಾಲ್ಕಾರು ಪದಗಳು, ಅಷ್ಟೇ. ಉಳಿದದ್ದನ್ನು ವೇದಿಕೆಯ ಮೇಲೆ ಕೇಳಿ ಹೇಳಬೇಕು. ಅದಕ್ಕಾಗಿಯೇ ಇಬ್ಬರೂ ಹಿಂದಿನ ದಿನ ಅರ್ಧ ಗಂಟೆ ಕುಳಿತು ಮೊದಲ ಪುಟವನ್ನು ಗಟ್ಟಿಯಾಗಿ ಮಾಡಿನೋಡುವುದು ಒಳ್ಳೆಯದು. ತರ್ಜುಮೆದಾರರು ತಡವರಿಸಿದ ಪ್ರತಿ ಜಾಗದಲ್ಲೂ ತಿದ್ದಬೇಕಾದದ್ದು ಬೋಧಕರ ವಾಕ್ಯ.

ಪ್ರಸಂಗ ನಡೆಯುವಾಗ ಬೋಧಕರಿಗೆ ಆ ಭಾಷೆ ಬಾರದಿದ್ದರೂ ಹದ ತಪ್ಪಿದ್ದು ಗೊತ್ತಾಗುತ್ತದೆ. ತರ್ಜುಮೆದಾರರು ಮಾತು ಶುರುಮಾಡದೆ ತಿರುಗಿ ಮುಖ ನೋಡಿದರೆ ಕೊಟ್ಟ ತುಂಡು ಅಪೂರ್ಣ. 'ಅಂದರೆ' ಎಂಬ ಪದ ಪದೇಪದೇ ಕೇಳಿಸಿದರೆ ರಿಪೇರಿ ನಡೆಯುತ್ತಿದೆ. ಐದು ಪದಕ್ಕೆ ಅರ್ಧ ನಿಮಿಷದ ಕನ್ನಡ ಬಂದರೆ ಯಾವುದೋ ಪದಕ್ಕೆ ವಿವರಣೆ ಬೇಕಾಯಿತು. ವಚನ ಓದಿ ಮುಗಿದ ಮೇಲೂ ಸಭೆಯಲ್ಲಿ ಪುಟ ತಿರುವುವ ಸದ್ದು ನಿಲ್ಲದಿದ್ದರೆ, ಅಧ್ಯಾಯ ಮತ್ತು ವಚನದ ಸಂಖ್ಯೆಯನ್ನು ಹೇಳಿ ಕಾಯಲಿಲ್ಲ ಎಂದರ್ಥ.

ಹೊರಗಿನವರನ್ನು ಪ್ರಸಂಗಕ್ಕೆ ಕರೆಯುವ ಸಭಾಪಾಲಕರಲ್ಲಿ, ಕನ್ವೆನ್ಷನ್ ಸಮಿತಿಯವರಲ್ಲಿ ನನ್ನದೊಂದೇ ವಿನಂತಿ. ಆಹ್ವಾನದ ಪತ್ರದಲ್ಲೇ ತರ್ಜುಮೆ ಇರುತ್ತದೆಂದು ತಿಳಿಸಿ, ಯಾವ ಭಾಷೆಗೆಂದು ಹೇಳಿ, ಭಾನುವಾರದ ಪ್ರಸಂಗದ ಪ್ರತಿಯನ್ನು ಗುರುವಾರದೊಳಗೆ ತರ್ಜುಮೆದಾರರ ಕೈಗೆ ತಲುಪಿಸಿ.